ಒಂದು ಕ್ಲೌಡ್ ಪ್ಲಾನ್, ಆರು ಜನ: ಬೀಗದ ಕೈ ಯಾರ ಹತ್ತಿರ?

ಗೂಗಲ್ ಪ್ರತಿ ಖಾತೆಗೂ ಪುಕ್ಕಟೆ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಅದರಲ್ಲೇ ಹಿಡಿಸಬೇಕು. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಅದರ ಲೆಕ್ಕಕ್ಕೇ ಸೇರುತ್ತದೆ. ಒಂದೆರಡು ಮದುವೆ ವಿಡಿಯೊ ಬಂದರೆ ಸಾಕು, ಡಬ್ಬ ತುಂಬಿತು. ಆಗ ಮನೆಯವರೆಲ್ಲ ಸೇರಿ, ದುಡ್ಡು ಕೊಟ್ಟು ಹೆಚ್ಚು ಜಾಗ ಪಡೆಯುವ ಒಂದು ಗೂಗಲ್ ಒನ್ ಪ್ಲಾನ್ ತೆಗೆದುಕೊಂಡರೆ ಅಗ್ಗ. ನಮ್ಮ ಮನೆಯಲ್ಲೂ ಹೀಗೇ ಮಾಡಿದೆವು: ನಾನು, ಹೆಂಡತಿ, ಅಪ್ಪ, ಅಮ್ಮ, ಹುಬ್ಬಳ್ಳಿಯ ಅಕ್ಕ, ಭಾವ.

ದುಡ್ಡಿನ ಲೆಕ್ಕ ಸುಲಭ. 200 ಜಿಬಿ ಪ್ಲಾನಿಗೆ ನಾವು ವರ್ಷಕ್ಕೆ 2,100 ರೂಪಾಯಿ ಕಟ್ಟಿದೆವು. ಆರು ಜನಕ್ಕೆ ಹಂಚಿದರೆ ತಲೆಗೆ 350. ಬೆಲೆ ಬದಲಾಗುತ್ತಿರುತ್ತದೆ, ಕಟ್ಟುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಪ್ರತಿಯೊಬ್ಬರೂ ಮೊದಲು ತಮ್ಮದೇ 15 ಜಿಬಿ ಖರ್ಚು ಮಾಡುತ್ತಾರೆ. ಅದು ಮುಗಿದ ಮೇಲಷ್ಟೇ ಎಲ್ಲರ ಪಾಲಿನ ಜಾಗಕ್ಕೆ ಕೈ ಹಾಕುತ್ತಾರೆ. ಹಾಗಾಗಿ ಬರೀ ಮೆಸೇಜ್ ನೋಡುವ ಅಪ್ಪನಿಗೆ ಆ ಜಾಗವೇ ಬೇಕಾಗಲಿಲ್ಲ. ಭಾವ ಮಾತ್ರ ಒಬ್ಬರೇ ಅರ್ಧದಷ್ಟು ನುಂಗಿದರು! ಜಾಸ್ತಿ ಬಳಸುವವರು ಜಾಸ್ತಿ ಕೊಡಲಿ ಎಂದು ಮೊದಲೇ ಮಾತಾಡಿಕೊಂಡಿದ್ದರೆ ಮುಜುಗರ ತಪ್ಪುತ್ತಿತ್ತು.

ಆದರೆ ದುಡ್ಡಿಗಿಂತ ಮುಂಚೆ ತೀರ್ಮಾನಿಸಬೇಕಾದ್ದು ಮ್ಯಾನೇಜರ್ ಯಾರು ಅನ್ನುವುದು. ಪ್ಲಾನ್ ಹಂಚಿಕೊಳ್ಳಲು ಗೂಗಲ್‌ನಲ್ಲಿ ಮನೆಯವರ ಗುಂಪು ಶುರು ಮಾಡುವವರೇ ಫ್ಯಾಮಿಲಿ ಮ್ಯಾನೇಜರ್. ಅವರಿಗೆ 18 ತುಂಬಿರಬೇಕು. ಜನರನ್ನು ಸೇರಿಸುವುದು, ತೆಗೆಯುವುದು, ಪ್ಲಾನ್ ನಿಲ್ಲಿಸುವುದು ಎಲ್ಲ ಅವರ ಕೈಯಲ್ಲಿ. ಈ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಹಾಗೇ ದಾಟಿಸಲು ಬರುವುದಿಲ್ಲ. ಇರುವ ಗುಂಪನ್ನು ಅಳಿಸಿ, ಬೇರೆಯವರು ಹೊಸದಾಗಿ ಶುರು ಮಾಡಬೇಕು. ಸದಸ್ಯರು ಗುಂಪು ಬದಲಾಯಿಸುವುದಕ್ಕೂ 12 ತಿಂಗಳಿಗೆ ಒಂದೇ ಸಲ ಅವಕಾಶ. ಹಾಗಾಗಿ ಕಾರ್ಡ್ ಅವಧಿ ಮುಗಿದರೆ ನೆನಪಿಟ್ಟುಕೊಂಡು ಬದಲಾಯಿಸುವವರನ್ನೇ ಆರಿಸಿ. ಮನೆಗೆ ಹಿರಿಯರೇ ಆಗಬೇಕೆಂದಿಲ್ಲ.

ಈಗ ಸೇರಿಸುವ ಕೆಲಸ. ಮ್ಯಾನೇಜರ್ ಆಗುವವರು one.google.com ತೆರೆದು ಪ್ಲಾನ್ ಕೊಳ್ಳಬೇಕು. ಆಮೇಲೆ Settings ಒಳಗೆ ಹೋಗಿ Manage family settings ಒತ್ತಿ, Share Google One with family ಎಂಬುದನ್ನು ಆನ್ ಮಾಡಬೇಕು. ನಂತರ Manage family group ಮೂಲಕ ಒಬ್ಬೊಬ್ಬರ ಜಿಮೇಲ್ ವಿಳಾಸಕ್ಕೆ ಆಹ್ವಾನ ಕಳಿಸಬೇಕು. ಮ್ಯಾನೇಜರ್ ಜೊತೆಗೆ ಐದು ಜನ ಸೇರಬಹುದು. ಎಲ್ಲರೂ ಮ್ಯಾನೇಜರ್ ಇರುವ ದೇಶದಲ್ಲೇ ಇರಬೇಕು ಎಂಬುದು ಗೂಗಲ್ ನಿಯಮ. ಅಮೆರಿಕದಲ್ಲಿರುವ ತಮ್ಮನನ್ನು ಬೆಂಗಳೂರಿನ ಪ್ಲಾನಿಗೆ ಸೇರಿಸಲು ಕೂರಬೇಡಿ. ಅವನಿಗೆ ಫೋಟೊ ಆಲ್ಬಮ್ ಒಂದನ್ನು ಹಂಚಿದರೆ ಸಾಕು.

"ನನ್ನ ಫೋಟೊ ಎಲ್ಲ ಭಾವನಿಗೆ ಕಾಣಿಸುತ್ತಾ?" ಎಂದು ಹೆಂಡತಿ ಕೇಳಿದ್ದು ನ್ಯಾಯವೇ. ಕಾಣಿಸುವುದಿಲ್ಲ. ಒಬ್ಬರ ಮೇಲ್, ಫೋಟೊ, ಫೈಲ್ ಇನ್ನೊಬ್ಬರಿಗೆ ತೆರೆಯುವುದಿಲ್ಲ, ಮ್ಯಾನೇಜರಿಗೂ ಇಲ್ಲ. ಗುಂಪಿನವರಿಗೆ ಪರಸ್ಪರ ಹೆಸರು, ಪ್ರೊಫೈಲ್ ಚಿತ್ರ, ಇಮೇಲ್ ವಿಳಾಸ ಕಾಣುತ್ತದೆ. ಯಾರು ಎಷ್ಟು ಜಿಬಿ ಬಳಸಿದ್ದಾರೆ ಎಂಬುದು ಮ್ಯಾನೇಜರಿಗೆ ತಿಳಿಯುತ್ತದೆ.

ಗುಟ್ಟು ಸೋರುವುದು ಬೇರೆ ಕಡೆಯಿಂದ. ಅಮ್ಮನಿಗೆ ಹೊಸ ಫೋನ್ ಕೊಡಿಸಿದಾಗ ನಾನು ಅವಸರದಲ್ಲಿ ನನ್ನದೇ ಖಾತೆ ಹಾಕಿಕೊಟ್ಟಿದ್ದೆ. ಎರಡು ವರ್ಷ ನನ್ನ ಫೋಟೊಗಳೆಲ್ಲ ಅಮ್ಮನ ಫೋನಿನಲ್ಲಿ ಕಾಣುತ್ತಿದ್ದವು, ಅವರದು ನನ್ನಲ್ಲಿ. ಪತ್ತೆ ಹಚ್ಚುವುದು ಸುಲಭ: ಆ ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆದು ಮೇಲಿನ ಬಲ ಮೂಲೆಯ ಚಿತ್ರ ಒತ್ತಿ, ಯಾರ ಇಮೇಲ್ ಇದೆ ನೋಡಿ. ನಿಮ್ಮದಿದ್ದರೆ ಅವರ ಹೆಸರಲ್ಲೇ ಖಾತೆ ತೆರೆದು, ಬ್ಯಾಕಪ್ ಅದಕ್ಕೆ ಹೋಗುವಂತೆ ಬದಲಾಯಿಸಿ, ಆಮೇಲೆ ಗುಂಪಿಗೆ ಸೇರಿಸಿ. ಆಗಲೇ ಏರಿದ ಹಳೆಯ ಫೋಟೊಗಳು ನಿಮ್ಮ ಖಾತೆಯಲ್ಲೇ ಉಳಿಯುತ್ತವೆ. ಅವನ್ನು ಇಳಿಸಿಕೊಂಡು ಅವರ ಖಾತೆಗೆ ಏರಿಸಬೇಕು. ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಯಾರಾದರೂ ಗುಂಪು ಬಿಟ್ಟರೆ ಅವರ ಫೈಲು ತಕ್ಷಣ ಅಳಿಯುವುದಿಲ್ಲ. ಆದರೆ ಅವರ ಜಾಗ ಮತ್ತೆ 15 ಜಿಬಿಗೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ತುಂಬಿದ್ದರೆ ಹೊಸ ಫೋಟೊ ಏರುವುದಿಲ್ಲ, ಜಿಮೇಲಿಗೆ ಪತ್ರ ಬರುವುದೂ ನಿಲ್ಲುತ್ತದೆ. ಎರಡು ವರ್ಷ ಹಾಗೇ ಬಿಟ್ಟರೆ ಗೂಗಲ್ ಅಳಿಸಲೂಬಹುದು. ಪ್ಲಾನಿನ ಹಣ ಕಟ್ಟುವುದು ತಪ್ಪಿದರೂ ಎಲ್ಲರಿಗೂ ಇದೇ ಗತಿ. ಅದಕ್ಕೇ ನಾವು ನವೀಕರಣದ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇವೆ. ಭಾವ ಹೊರಗೆ ಹೋಗುವುದಾದರೆ ಒಂದು ತಿಂಗಳು ಮುಂಚೆ ಹೇಳಬೇಕು. ಅಷ್ಟರಲ್ಲಿ ಅವರ ವಿಡಿಯೊಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಬೇಕಲ್ಲ.