ಸೋಮವಾರ ಹತ್ತು ಗಂಟೆಗೆ ಎಷ್ಟು ಜನ ಬೇಕು?

ಹುಬ್ಬಳ್ಳಿಯಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ಕರೆಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಾಲ್ ಸೆಂಟರ್‌ನಲ್ಲಿ ರೋಸ್ಟರ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ಹಿಂದಿನವರು ಒಂದು ಎಕ್ಸೆಲ್ ಶೀಟನ್ನೂ ಬಿಟ್ಟುಹೋಗಿದ್ದರು. ಅಡ್ಡಸಾಲಿಗೆ ವಾರ, ಕಂಬಸಾಲಿಗೆ ಗಂಟೆ. ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ 13 ಗಂಟೆ, 7 ದಿನ, ಒಟ್ಟು 91 ಮನೆ. ಪ್ರತಿ ಮನೆಯಲ್ಲೂ ಕಳೆದ ಎಂಟು ವಾರಗಳ ಸರಾಸರಿ ಕರೆ. ಒಬ್ಬ ಏಜೆಂಟ್ ಗಂಟೆಗೆ 12 ಕರೆ ಮುಗಿಸುತ್ತಾರೆ ಎಂದು ಹಿಡಿದು, ಸರಾಸರಿಯನ್ನು 12ರಿಂದ ಭಾಗಿಸಿದರೆ ಎಷ್ಟು ಜನ ಬೇಕೆಂಬುದು ಸಿಗುತ್ತಿತ್ತು. ಸೋಮವಾರ 10ರಿಂದ 11ರ ಮನೆಯಲ್ಲಿ 81 ಇತ್ತು. ಅಂದರೆ 6.75, ಅಂದರೆ 7 ಜನ.

ಆ ಏಳು ಜನರಲ್ಲಿ ಒಬ್ಬಳು ಒಂದು ದಿನ ನನ್ನ ಟೇಬಲ್ ಹತ್ತಿರ ಬಂದು ನಿಂತಳು. "ಸರ್, ಸೋಮವಾರ ಹತ್ತಕ್ಕ ಹೆಡ್‌ಫೋನ್ ಹಾಕ್ಕೊಂಡ್ರ ಹನ್ನೆರಡರ ತನಕ ನೀರು ಕುಡಿಯಾಕೂ ಆಗಂಗಿಲ್ರಿ. ಎಲ್ಲಾರೂ ಮೊದಲು ಬೈದು ಆಮ್ಯಾಲೆ ಸಮಸ್ಯೆ ಹೇಳ್ತಾರ್ರಿ." ಶೀಟಿನ ಪ್ರಕಾರ ಜನ ಸರಿಯಾಗಿದ್ದರು. ಅವಳ ಮಾತನ್ನು ನಂಬಬೇಕೋ ಶೀಟನ್ನೋ ಎಂದು ಗೊತ್ತಾಗದೆ, ಆ ಒಂದು ಮನೆಯ ಹಿಂದಿದ್ದ ಸಂಖ್ಯೆಗಳನ್ನು ತೆಗೆದು ನೋಡಿದೆ. ರಜೆ, ಕೇಬಲ್ ತೊಂದರೆ ಇಲ್ಲದ ಆರು ಸೋಮವಾರಗಳಲ್ಲಿ ಹೀಗಿತ್ತು: 79, 82, 80, 81, 80, 82.

ಇಷ್ಟು ಸಮನಾಗಿರಲು ಸಾಧ್ಯವೇ ಇಲ್ಲ ಅನ್ನಿಸಿತು. ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಫೋನ್ ಮಾಡುವಾಗ, ಗಂಟೆಗೆ 81 ಸರಾಸರಿಯಿದ್ದರೆ ವಾರದಿಂದ ವಾರಕ್ಕೆ ಸುಮಾರು 9ರಷ್ಟು ಏರಿಳಿತ ತಾನಾಗಿಯೇ ಇರುತ್ತದೆ. ಸರಾಸರಿಯ ವರ್ಗಮೂಲದಷ್ಟು ಎಂದು ಲೆಕ್ಕ. ಇಲ್ಲಿ ಏರಿಳಿತ ಒಂದೆರಡು ಕರೆ ಮಾತ್ರ. ಏಳು ಜನ ಉಸಿರು ಬಿಡದೆ ಐದೈದು ನಿಮಿಷದ ಕರೆ ತೆಗೆದುಕೊಂಡರೆ ಗಂಟೆಗೆ ಆಗುವುದೇ 84. ಶೀಟಿನಲ್ಲಿದ್ದದ್ದು ಬಂದ ಕರೆಗಳಲ್ಲ, ಎತ್ತಿದ ಕರೆಗಳು. ಏಳು ಜನ ಕೂತಿದ್ದಕ್ಕೆ 81 ಕರೆ ಎತ್ತಿದರು, 81 ಎತ್ತಿದ್ದಕ್ಕೆ ಮುಂದಿನ ತಿಂಗಳೂ ಏಳೇ ಜನ ಸಾಕೆಂದು ಶೀಟ್ ಹೇಳಿತು. ಈ ಸುತ್ತು ಎಷ್ಟು ತಿಂಗಳಿಂದ ತಿರುಗುತ್ತಿತ್ತೋ. ನಿಮ್ಮ ಶೀಟಿನಲ್ಲೂ ಅತಿ ಬಿಡುವಿಲ್ಲದ ಗಂಟೆಯ ಸಂಖ್ಯೆಗಳು ಹೀಗೆ ನೆಟ್ಟಗೆ ನಿಂತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಫೋನ್ ವ್ಯವಸ್ಥೆಯ ಲಾಗ್‌ನಲ್ಲಿ ಕ್ಯೂಗೆ ಬಂದ ಪ್ರತಿ ಕರೆಯೂ ಇರುತ್ತದೆ: ಬಂದ ಸಮಯ, ನಂಬರ್, ಎತ್ತಿದರೋ ಇಲ್ಲವೋ. ಹಾಗಾದರೆ ಬಂದ ಕರೆಗಳನ್ನೆಲ್ಲ ಎಣಿಸಿದರಾಯಿತಲ್ಲ ಎಂದು ಎಣಿಸಿದೆ. ಅದೇ ಗಂಟೆಗೆ 130ರ ಆಸುಪಾಸು ಬಂತು. ಇದೂ ಸರಿಯಿಲ್ಲ. ಕಾದು ಬೇಸತ್ತು ಇಟ್ಟವರು ಎರಡು ನಿಮಿಷ ಬಿಟ್ಟು ಮತ್ತೆ ಮಾಡುತ್ತಾರೆ, ಅದೂ ಸಿಗದಿದ್ದರೆ ಮತ್ತೆ. ಒಬ್ಬರೇ ಮೂರು ಕರೆಯಾಗುತ್ತಾರೆ. ಮೊದಲ ಸಲವೇ ಎತ್ತುವಷ್ಟು ಜನ ಕೂತಿದ್ದರೆ ಆ ಎರಡು ಕರೆಗಳು ಹುಟ್ಟುತ್ತಲೇ ಇರಲಿಲ್ಲ.

ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಎತ್ತದೆ ಹೋದ ಕರೆಯ ನಂತರ 30 ನಿಮಿಷದೊಳಗೆ ಅದೇ ನಂಬರ್‌ನಿಂದ ಬಂದದ್ದನ್ನು ಹೊಸ ಕರೆ ಎಂದು ಎಣಿಸುವುದಿಲ್ಲ. ಮೊದಲ ಸಲ ಫೋನ್ ಮಾಡಿದ ಗಂಟೆಗೇ ಆ ಮನುಷ್ಯ ಸೇರುತ್ತಾನೆ. 10:52ಕ್ಕೆ ಸಿಗದೆ 11:09ಕ್ಕೆ ಸಿಕ್ಕವರು ಹತ್ತರ ಗಂಟೆಯವರು. ಆದರೆ ಮೊದಲ ಕರೆ ಎತ್ತಿ ಮಾತಾಡಿ ಮುಗಿದ ಮೇಲೆ ಮತ್ತೆ ಮಾಡಿದರೆ ಅದು ನಿಜವಾದ ಎರಡನೇ ಕರೆ, ಬಿಡುವಂತಿಲ್ಲ. ಈ 30 ನಿಮಿಷ ಯಾವ ಪುಸ್ತಕದಿಂದ ತೆಗೆದದ್ದೂ ಅಲ್ಲ. ನಮ್ಮ ಲಾಗ್‌ನಲ್ಲಿ ಮರುಕರೆಗಳು ಎಷ್ಟು ಹೊತ್ತಿನಲ್ಲಿ ಬರುತ್ತವೆ ಎಂದು ನೋಡಿದಾಗ ಹೆಚ್ಚಿನವು ಹತ್ತು ನಿಮಿಷದೊಳಗೇ ಇದ್ದವು, ಅರ್ಧ ಗಂಟೆಯ ನಂತರ ತೀರಾ ವಿರಳ.

ಹೀಗೆ ಸೋಸಿದ ಮೇಲೆ ಆ ಮನೆಯ ಎಂಟು ವಾರಗಳು ಹೀಗೆ ಕಂಡವು: 87, 98, 94, 38, 97, 101, 212, 99. ಈಗ ಸಂಖ್ಯೆಗಳಿಗೆ ಜೀವ ಬಂತು. 38 ಗಣೇಶನ ಹಬ್ಬದ ಸೋಮವಾರ. 212 ರಸ್ತೆ ಅಗೆಯುತ್ತಿದ್ದ ಜೆಸಿಬಿ ನಮ್ಮ ಫೈಬರ್ ಕೇಬಲ್ ಕಿತ್ತ ದಿನ. ಎಂಟನ್ನೂ ಸೇರಿಸಿದರೆ ಸರಾಸರಿ 103, ಆ ಎರಡನ್ನು ಬಿಟ್ಟರೆ 96. ಈ ಮನೆಯಲ್ಲಿ ಕೆಟ್ಟ ದಿನಗಳೆರಡೂ ಒಂದನ್ನೊಂದು ಅರ್ಧಂಬರ್ಧ ಹೊಡೆದುಹಾಕಿದ್ದರಿಂದ ತಪ್ಪು ಸಣ್ಣದಾಗಿ ಕಾಣುತ್ತದೆ. ಕೇಬಲ್ ಹೋದದ್ದು ಮಾತ್ರ ಇರುವ ಮನೆಯಲ್ಲಿ ಸರಾಸರಿ ಎಲ್ಲೋ ಹಾರಿಹೋಗುತ್ತದೆ. ಹಬ್ಬದ ಮರುದಿನದ ಮಂಗಳವಾರವನ್ನೂ ನಾನು ಬಿಡುತ್ತೇನೆ, ಏಕೆಂದರೆ ಹಬ್ಬದ ದಿನ ಮಾಡದ ಕರೆಗಳಲ್ಲಿ ಬಹುಪಾಲು ಅಂದು ಬಂದು ಬೀಳುತ್ತವೆ.

ಶೀಟಿನ ರಚನೆ ಸರಳ. A ಕಾಲಂನಲ್ಲಿ ದಿನಾಂಕ, Bಯಲ್ಲಿ ವಾರ (`WEEKDAY(A2,2)`, ಸೋಮವಾರ 1 ಆಗುತ್ತದೆ), Cಯಲ್ಲಿ ಗಂಟೆ, Dಯಲ್ಲಿ ಕರೆ, Eಯಲ್ಲಿ ಬಿಡಬೇಕಾದ ದಿನಕ್ಕೆ 1, ಉಳಿದದ್ದಕ್ಕೆ 0. ಪಕ್ಕದಲ್ಲಿ G ಕಾಲಂ ಉದ್ದಕ್ಕೆ ವಾರ, ಮೊದಲ ಸಾಲಿನಲ್ಲಿ Hನಿಂದ ಆಚೆಗೆ ಗಂಟೆ. ಪ್ರತಿ ಮನೆಗೂ ಇದೊಂದೇ ಸೂತ್ರ:

```
=AVERAGEIFS($D:$D,$B:$B,$G2,$C:$C,H$1,$E:$E,0)
```

ಒಂದು ಕಡೆ ಎಡವಿದ್ದೆ, ಅದನ್ನು ಹೇಳಲೇಬೇಕು. ಲಾಗ್‌ನಿಂದ ನೇರವಾಗಿ ಗಂಟೆವಾರು ಪಟ್ಟಿ ತೆಗೆದರೆ ಒಂದೂ ಕರೆ ಬಾರದ ಗಂಟೆಗೆ ಸಾಲೇ ಇರುವುದಿಲ್ಲ. ಭಾನುವಾರ ರಾತ್ರಿ 8ರ ಗಂಟೆಗೆ ಎಂಟು ವಾರಗಳಲ್ಲಿ ಐದು ವಾರ ಮಾತ್ರ ಕರೆ ಬಂದಿದ್ದರೆ ಎಕ್ಸೆಲ್ ಐದರಿಂದ ಭಾಗಿಸುತ್ತದೆ, ಎಂಟರಿಂದಲ್ಲ. ಸರಾಸರಿ ಸುಮ್ಮನೆ ಉಬ್ಬುತ್ತದೆ. ಈಗ ಮೊದಲು ಎಲ್ಲ ದಿನ, ಎಲ್ಲ ಗಂಟೆಗಳ ಖಾಲಿ ಸಾಲುಗಳನ್ನು ಮಾಡಿಟ್ಟು, ಆಮೇಲೆ `COUNTIFS`ನಿಂದ ತುಂಬುತ್ತೇನೆ. ಕರೆ ಇಲ್ಲದ ಕಡೆ ಸೊನ್ನೆ ಬಂದು ಕೂರುತ್ತದೆ.

ಸರಿ, ಸೋಮವಾರ ಹತ್ತಕ್ಕೆ 96 ಕರೆ. ಒಂದಕ್ಕೆ ಮಾತು, ನಂತರದ ಟಿಪ್ಪಣಿ ಎಲ್ಲ ಸೇರಿ 300 ಸೆಕೆಂಡ್. 96ನ್ನು 300ರಿಂದ ಗುಣಿಸಿ 3600ರಿಂದ ಭಾಗಿಸಿದರೆ 8. ಎಂಟು ಜನಕ್ಕೆ ಪೂರ್ತಿ ಒಂದು ಗಂಟೆಯ ಕೆಲಸ. ಎಂಟೇ ಜನ ಸಾಕು ಎಂದರೆ ಹಳೆಯ ತಪ್ಪಿನ ಇನ್ನೊಂದು ರೂಪ, ಏಕೆಂದರೆ ಕರೆಗಳು ಸಾಲಾಗಿ ಐದೈದು ನಿಮಿಷಕ್ಕೊಮ್ಮೆ ಬರುವುದಿಲ್ಲ. ಒಂದು ನಿಮಿಷಕ್ಕೆ ನಾಲ್ಕು ಬಂದು ಮುಂದಿನ ಎರಡು ನಿಮಿಷ ಒಂದೂ ಬರದೆ ಇರಬಹುದು. ಖಾಲಿ ಹೋದ ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ, ಕ್ಯೂ ಮಾತ್ರ ಬೆಳೆಯುತ್ತದೆ.

ಇದಕ್ಕೆ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲೇ ಲೆಕ್ಕ ಕೊಟ್ಟಿದ್ದಾನೆ. ಎರ್ಲಾಂಗ್ ಸಿ ಎಂದು ಕರೆಯುವ ಆ ಸೂತ್ರವನ್ನು ಎಕ್ಸೆಲ್‌ನಲ್ಲೇ ಬರೆಯಬಹುದು. ಬೇರೊಂದು ಶೀಟಿನಲ್ಲಿ A2ರಲ್ಲಿ ಕೆಲಸದ ಹೊರೆ (ನಮ್ಮ 8), B2ರಲ್ಲಿ ಕೂರುವ ಜನ ಇರಲಿ. ಕರೆ ಮಾಡಿದವರು ಕಾಯಬೇಕಾಗುವ ಸಂಭವ C2ರಲ್ಲಿ, 20 ಸೆಕೆಂಡಿನೊಳಗೆ ಎತ್ತುವ ಪಾಲು D2ರಲ್ಲಿ:

```
C2: =POISSON.DIST(B2,A2,FALSE)/(POISSON.DIST(B2,A2,FALSE)
    +(1-A2/B2)*POISSON.DIST(B2-1,A2,TRUE))
D2: =1-C2*EXP(-(B2-A2)*20/300)
```

9 ಜನ ಕೂತರೆ 20 ಸೆಕೆಂಡಿನೊಳಗೆ ಎತ್ತುವುದು 39% ಕರೆ ಮಾತ್ರ, ಸರಾಸರಿ ಕಾಯುವುದು ಮೂರು ನಿಮಿಷಕ್ಕೂ ಹೆಚ್ಚು. 10 ಜನಕ್ಕೆ 64%, ಒಂದು ನಿಮಿಷ. 11 ಜನಕ್ಕೆ 80%, 25 ಸೆಕೆಂಡ್. ಒಂಬತ್ತನೆಯವರ ಪಕ್ಕದಲ್ಲಿ ಹತ್ತನೆಯವರು ಬಂದು ಕೂತರೆ ಕಾಯುವ ಹೊತ್ತು ಮೂರನೇ ಒಂದಕ್ಕೆ ಇಳಿಯುತ್ತದೆ. ಮ್ಯಾನೇಜರ್ ಮುಂದೆ ನಾನು ಇಟ್ಟದ್ದು ಈ ಮೂರು ಸಾಲು ಮಾತ್ರ, ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಈ ಸೂತ್ರದಲ್ಲಿ ಯಾರೂ ಬೇಸತ್ತು ಫೋನ್ ಇಡುವುದಿಲ್ಲ ಎಂಬ ಊಹೆ ಇದೆ. ಹಾಗಾಗಿ ಜನ ಕಡಿಮೆ ಇದ್ದಾಗ ಅದು ಹೇಳುವ ಕಾಯುವಿಕೆ ನಿಜಕ್ಕಿಂತ ತುಸು ಹೆಚ್ಚೇ. ನನಗದು ಪರವಾಗಿಲ್ಲ.

ಹನ್ನೊಂದು ಎಂದರೆ ಸೀಟಿನಲ್ಲಿ ಹೆಡ್‌ಫೋನ್ ಹಾಕಿ ಕೂತಿರಬೇಕಾದ ಹನ್ನೊಂದು. ರಜೆ, ಚಹಾ, ಊಟ, ತರಬೇತಿ ಎಂದು ನಮ್ಮಲ್ಲಿ ಕಾಲು ಭಾಗ ಹೊತ್ತು ಸೀಟಿನ ಹೊರಗೆ ಹೋಗುತ್ತದೆ. ಇಲ್ಲಿ ಅನೇಕರು 11ಕ್ಕೆ ಕಾಲು ಭಾಗ ಕೂಡಿಸಿ 14 ಅನ್ನುತ್ತಾರೆ. 14ರಲ್ಲಿ ಕಾಲು ಭಾಗ ಕಳೆದು ನೋಡಿ, ಹತ್ತೂವರೆಯೇ ಉಳಿಯುವುದು. 0.75ರಿಂದ ಭಾಗಿಸಬೇಕು, ಆಗ 15 ಬರುತ್ತದೆ. ನಮ್ಮಲ್ಲಿ ಅಷ್ಟು ಜನ ಇರಲಿಲ್ಲ. ಸೋಮವಾರ ಬೆಳಿಗ್ಗೆಯ ತರಬೇತಿಯನ್ನು ಬುಧವಾರ ಮಧ್ಯಾಹ್ನಕ್ಕೆ ಹಾಕಿ, ಚಹಾದ ಸರದಿಯನ್ನು 11:30ರ ನಂತರಕ್ಕೆ ತಳ್ಳಿದೆವು. ಕೈಬಿಟ್ಟುಹೋಗುವ ಹೊತ್ತು 15%ಗೆ ಇಳಿದು, 13 ಜನರಲ್ಲಿ ಕೆಲಸ ಸಾಗಿತು. ಆ ಹದಿಮೂರರಲ್ಲಿ ಇಬ್ಬರು ಬುಧವಾರ, ಗುರುವಾರಗಳ ಮಧ್ಯಾಹ್ನದ ಶಿಫ್ಟ್‌ನಿಂದ ಬಂದವರು.

ಮುಂದಿನ ನಾಲ್ಕು ವಾರ ಅಂದಾಜನ್ನೂ ಬಂದದ್ದನ್ನೂ ಪಕ್ಕಪಕ್ಕ ಬರೆದಿಟ್ಟೆ. 96 ಎಂದಲ್ಲಿ 88 ಬಂದರೂ 104 ಬಂದರೂ ಕೈಹಾಕಲಿಲ್ಲ. ಹತ್ತರಷ್ಟು ಆಚೀಚೆ ಆ ಸಂಖ್ಯೆಯ ಸ್ವಭಾವ, ಯಾವ ಲೆಕ್ಕವೂ ಅದನ್ನು ತೆಗೆಯಲಾರದು. ಒಂದೇ ದಿನದ ಗಂಟೆಗಳೆಲ್ಲ ಒಂದೇ ಕಡೆಗೆ ತಪ್ಪಿದಾಗ ಮಾತ್ರ ಹುಡುಕಲು ಕೂತೆ. ಹಾಗೆ ಸಿಕ್ಕಿದ್ದು 5ನೇ ತಾರೀಖು. ಅಂದು ಎಲ್ಲ ಗ್ರಾಹಕರಿಗೂ ಬಿಲ್ಲಿನ ಎಸ್‌ಎಂಎಸ್ ಹೋಗುತ್ತದೆ. ಒಂದು ಬುಧವಾರ 11ರ ಗಂಟೆಗೆ 52 ಎಂದಿದ್ದೆ, 81 ಬಂತು. ವಾರ ಮತ್ತು ಗಂಟೆ ಮಾತ್ರ ಗೊತ್ತಿರುವ ಶೀಟಿಗೆ ತಾರೀಖು ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ 81 ಬುಧವಾರದ ಸರಾಸರಿಯೊಳಗೆ ಸೇರಿ ಬರುವ ಎರಡು ತಿಂಗಳ ಬುಧವಾರಗಳಿಗೆಲ್ಲ ಜನ ಹೆಚ್ಚು ಬೇಡುತ್ತದೆ, ಮುಂದಿನ 5ನೇ ತಾರೀಖು ಮಾತ್ರ ಶುಕ್ರವಾರವೋ ಶನಿವಾರವೋ ಬಂದಿರುತ್ತದೆ.

ಈಗ 5 ಮತ್ತು 6ನೇ ತಾರೀಖಿನ ಸಾಲುಗಳಿಗೆ E ಕಾಲಂನಲ್ಲಿ 1 ಹಾಕಿ ಸರಾಸರಿಯಿಂದ ಹೊರಗಿಡುತ್ತೇನೆ. ಆ ದಿನಗಳಲ್ಲಿ ಬಂದದ್ದನ್ನು ಅಂದಾಜಿನಿಂದ ಭಾಗಿಸಿ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ. ಐದು ತಿಂಗಳಲ್ಲಿ 5ನೇ ತಾರೀಖಿಗೆ ಅದು ಒಂದೂವರೆಯ ಆಸುಪಾಸಿನಲ್ಲೇ ನಿಂತಿದೆ. ರೋಸ್ಟರ್ ಹಾಕುವಾಗ ಅಂದಿನ ವಾರದ ಮನೆಗಳನ್ನು ಅದರಿಂದ ಗುಣಿಸುತ್ತೇನೆ. ಬಿಲ್ ವಿಭಾಗದವರು ಎಸ್‌ಎಂಎಸ್ಸನ್ನು ಒಂದೇ ದಿನ ಕಳಿಸುವ ಬದಲು ಮೂರು ದಿನಕ್ಕೆ ಹಂಚಬಹುದೇ ಎಂದು ಕಳೆದ ವಾರ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.