ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ: ನನ್ನ ಪೇಸ್ ಲೆಕ್ಕ ತಪ್ಪಿದ್ದೆಲ್ಲಿ

ಮೊದಲ ಹತ್ತು ಕಿಲೋಮೀಟರ್ ಓಟವನ್ನು ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತ ಮುಗಿಸಲು ನಾನು ಹಾಕಿದ್ದು ಸುಲಭದ ಲೆಕ್ಕ. ಓಡುವಾಗ ಕಿಲೋಮೀಟರಿಗೆ 7 ನಿಮಿಷ, ಬಿರುಸಾಗಿ ನಡೆಯುವಾಗ 10 ನಿಮಿಷ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಎಂಟೂವರೆ, ಅಂದರೆ ಒಟ್ಟು 85 ನಿಮಿಷ. ಆದರೆ ಅಭ್ಯಾಸಕ್ಕೆ ಹೋದಾಗಲೆಲ್ಲ ವಾಚ್ ಸರಾಸರಿ 7:47ರ ಆಸುಪಾಸು ತೋರಿಸುತ್ತಿತ್ತು. ವಾಚೇ ಕೆಟ್ಟಿರಬೇಕು ಅಂದುಕೊಂಡೆ.

ಕೆಟ್ಟಿದ್ದು ನನ್ನ ಲೆಕ್ಕ. ಓಟ ಎರಡು ಪಾಲು, ನಡಿಗೆ ಒಂದೇ ಪಾಲು ಅನ್ನುವುದನ್ನು ಮರೆತಿದ್ದೆ. ಅದನ್ನು ಸೇರಿಸಿಕೊಂಡರೂ ಬಂದದ್ದು 8:00. ಪೇಸ್ ಅನ್ನುವುದು ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ. ಓಟದಿಂದ ನಡಿಗೆಗೆ, ನಡಿಗೆಯಿಂದ ಓಟಕ್ಕೆ ಬದಲಾಗಲು ನನಗೆ ಬೀಪ್ ಹೊಡೆಯುತ್ತಿದ್ದದ್ದು ದೂರಕ್ಕಲ್ಲ, ಸಮಯಕ್ಕೆ. ಹಾಗಿರುವಾಗ ಪೇಸ್‌ಗಳನ್ನು ಕೂಡಿಸುವಂತಿಲ್ಲ, ಒಂದು ಓಟ, ಒಂದು ನಡಿಗೆ ಸೇರಿದ ಒಂದು ಸುತ್ತಿನಲ್ಲಿ ಎಷ್ಟು ಮೀಟರ್ ಸಾಗಿದೆ ಅಂತ ನೋಡಬೇಕು. ಎರಡು ನಿಮಿಷದ ಓಟಕ್ಕೆ 286 ಮೀಟರ್, ಒಂದು ನಿಮಿಷದ ನಡಿಗೆಗೆ 100. ಮೂರು ನಿಮಿಷಕ್ಕೆ 386 ಮೀಟರ್ ಅಂದರೆ ಸರಿಯಾಗಿ 7:47. ಹತ್ತು ಕಿಲೋಮೀಟರಿಗೆ 26 ಸುತ್ತು, 78 ನಿಮಿಷ. (400 ಮೀಟರ್ ಓಟ, 100 ಮೀಟರ್ ನಡಿಗೆ ಎಂದು ದೂರದಲ್ಲೇ ಹಂಚಿಕೊಂಡವರು ಮಾತ್ರ ಪೇಸ್‌ಗಳನ್ನೇ ಪಾಲಿನಂತೆ ಕೂಡಿಸಬಹುದು.)

ಲೆಕ್ಕ ಗೊತ್ತಾದ ಮೇಲೆ ದುರಾಸೆ ಹುಟ್ಟಿತು. ಒಂದು ದಿನ ಓಟವನ್ನು 6:30ಕ್ಕೆ ಏರಿಸಿದೆ. ಮೊದಲ ಐದಾರು ಸುತ್ತು ಸರಾಸರಿ 7:22ಕ್ಕೆ ಇಳಿದು ಖುಷಿಯೋ ಖುಷಿ. ಆಮೇಲೆ ಬೀಪ್ ಆದರೂ ಕಾಲು ಏಳಲಿಲ್ಲ. ನಡಿಗೆ ಒಂದೂವರೆ ನಿಮಿಷಕ್ಕೆ ಹಿಗ್ಗಿತು, ಕಾಲೆಳೆದುಕೊಂಡು ನಡೆದದ್ದರಿಂದ ಅದರ ಪೇಸೂ 12ಕ್ಕೆ ಬಿತ್ತು. ಈಗ ಲೆಕ್ಕ ಹಾಕಿ: ಮೂರೂವರೆ ನಿಮಿಷಕ್ಕೆ 433 ಮೀಟರ್, ಅಂದರೆ 8:05. ಜೋರಾಗಿ ಓಡಿಯೂ ಮೊದಲಿಗಿಂತ ನಿಧಾನ! ಅವತ್ತಿನಿಂದ ಓಟದ ವೇಗದ ಚಿಂತೆ ಬಿಟ್ಟು ನಡಿಗೆಯ ಮೇಲೆ ಕಣ್ಣಿಟ್ಟೆ. ನಡಿಗೆಯಲ್ಲಿ ಏದುಸಿರು ಇಳಿಯದೆ ಮುಂದಿನ ಬೀಪ್ ಬಂದರೆ ಹಿಂದಿನ ಓಟ ಜಾಸ್ತಿಯಾಯಿತು ಅಂತಲೇ ಅರ್ಥ.

ಸ್ಪರ್ಧೆಯ ದಿನ ಮೊದಲ ಬೀಪಿಗೇ ನಡೆದೆ, ಸುಸ್ತೇನೂ ಇರಲಿಲ್ಲ. ಪಕ್ಕದವರು ತಿರುಗಿ ನೋಡಿದ್ದು ಸ್ವಲ್ಪ ಮುಜುಗರವೇ. ಆ ಕ್ಷಣದ ಪೇಸ್ ತೋರಿಸುವ ಪರದೆಯನ್ನು ತೆಗೆದುಹಾಕಿ ಒಟ್ಟು ಸರಾಸರಿಯನ್ನಷ್ಟೇ ಇಟ್ಟುಕೊಂಡಿದ್ದೆ, ಅದನ್ನೂ ನಡಿಗೆ ಮುಗಿಯುವ ಹೊತ್ತಿಗೆ ಮಾತ್ರ ನೋಡುತ್ತಿದ್ದೆ. ಸುತ್ತಿನ ನಡುವೆ ನೋಡಿದರೆ ಅದು ಸುಳ್ಳು ಹೇಳುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಎರಡೂವರೆ ಸುತ್ತು ಬರುವುದರಿಂದ ಒಂದರಲ್ಲಿ ಮೂರು ನಡಿಗೆ, ಇನ್ನೊಂದರಲ್ಲಿ ಎರಡೇ ಬೀಳಬಹುದು. ಕಿಲೋಮೀಟರ್ ಸಮಯಗಳು ಏರಿಳಿದರೆ ಗಾಬರಿ ಬೇಡ.

ಮುಗಿಸಿದಾಗ ವಾಚ್‌ನಲ್ಲಿ ಸರಾಸರಿ 7:50, ಸಮಯ ಮಾತ್ರ 79:16. ದೂರ 10.12 ಕಿಲೋಮೀಟರ್ ಅಂತಿತ್ತು. ತಿರುವುಗಳಲ್ಲಿ ಹೊರಬದಿಯಲ್ಲಿ ಓಡಿ, ಜನರನ್ನು ಬಳಸಿಕೊಂಡು ಹೋಗಿ ಸೇರಿಸಿಕೊಂಡ ಆ 120 ಮೀಟರಿಗೇ ಹತ್ತಿರ ಹತ್ತಿರ ಒಂದು ನಿಮಿಷ ಹೋಗಿತ್ತು.