ಹದಿಮೂರು ವರ್ಷದ ನಂತರ ಕಳಿಸಿದ ಹುಟ್ಟುಹಬ್ಬದ ಮೆಸೇಜು

ನಮ್ಮ ಹೈಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಜೂನ್ 1 ಬಂದರೆ ಜಾತ್ರೆ. ಅವತ್ತು ಒಂದೇ ದಿನ ಆರು ಜನರ ಹುಟ್ಟುಹಬ್ಬ. ಕೇಕಿನ ಚಿತ್ರ, ಕೈಮುಗಿದ ಚಿತ್ರ, "ನೂರು ಕಾಲ ಬಾಳು" ಎಲ್ಲ ಬಂದು ಬೀಳುತ್ತವೆ. ನಿಜಕ್ಕೂ ಆ ಆರು ಜನರಲ್ಲಿ ಯಾರೂ ಜೂನ್ 1ಕ್ಕೆ ಹುಟ್ಟಿದವರಲ್ಲ. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು "ಹುಟ್ಟಿದ್ದು ಯಾವತ್ತು?" ಅಂತ ಕೇಳುತ್ತಿದ್ದರು. ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದರು. ಮೇಷ್ಟ್ರು ವಯಸ್ಸು ಸರಿಹೊಂದುವ ಹಾಗೆ ಒಂದು ಜೂನ್ 1 ಬರೆದುಕೊಳ್ಳುತ್ತಿದ್ದರು. ಮಾರ್ಕ್ಸ್ ಕಾರ್ಡು, ಆಧಾರ್, ಫೇಸ್‌ಬುಕ್ಕು, ಎಲ್ಲದರಲ್ಲೂ ಅದೇ ಗಟ್ಟಿಯಾಯಿತು.

ಆ ಆರು ಜನರಲ್ಲಿ ನಾನೂ ಒಬ್ಬ. ಇನ್ನೊಬ್ಬ, ತಿಪಟೂರಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿದ್ದವನು. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚು. 2012ರಲ್ಲಿ ಅವನ ಅಪ್ಪ ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ತಿಥಿ ಮುಗಿದಿತ್ತು. ಈ ವಾರ ಫೋನ್ ಮಾಡೋಣ ಅಂದುಕೊಂಡೆ, ಮಾಡಲಿಲ್ಲ. ತಿಂಗಳಾದ ಮೇಲೆ "ಇಷ್ಟು ದಿನ ಬಿಟ್ಟು ಈಗ್ಯಾಕೆ" ಅಂತ ನಾಚಿಕೆ. ವರ್ಷವಾದ ಮೇಲೆ ಆ ನಾಚಿಕೆಗೂ ವಯಸ್ಸಾಯಿತು. ಜಗಳ ಅಂತ ಏನೂ ಇಲ್ಲ. ಸುಮ್ನೆ ಬಿಟ್ಟುಹೋಯಿತು ಅಷ್ಟೆ.

ಜೂನ್ 1ಕ್ಕೆ ಗ್ರೂಪಿನಲ್ಲಿ ನಾನೂ ಒಂದು ಹೂಗುಚ್ಛ ಒತ್ತುತ್ತಿದ್ದೆ. ಅವನೂ ನನಗೆ ಅದನ್ನೇ ಒತ್ತುತ್ತಿದ್ದ. ಅದು ಮಾತು ಅಲ್ಲ, ಹಾಜರಿ.

ಆದರೆ ಅವನ ನಿಜವಾದ ಹುಟ್ಟುಹಬ್ಬ ನನಗೆ ಗೊತ್ತಿತ್ತು. ಗೌರಿ ಹಬ್ಬದ ಹಿಂದಿನ ದಿನ. ಅವನ ಅಮ್ಮ ತಾರೀಕು ನೋಡುತ್ತಿರಲಿಲ್ಲ, ಹಬ್ಬ ನೋಡುತ್ತಿದ್ದರು. ಅವತ್ತು ಅವನಿಗೆ ಎಣ್ಣೆ ನೀರು, ಆರತಿ, ಶಾವಿಗೆ ಪಾಯಸ. ಪಾಯಸದಲ್ಲಿ ನನಗೂ ಒಂದು ಲೋಟ ಇದ್ದೇ ಇರುತ್ತಿತ್ತು. ಹಬ್ಬ ಓಡಾಡುವುದರಿಂದ ಆ ದಿನವೂ ಓಡಾಡುತ್ತದೆ. 2024ರಲ್ಲಿ ಸೆಪ್ಟೆಂಬರ್ 5ಕ್ಕೆ ಬಿದ್ದಿತ್ತು, 2025ರಲ್ಲಿ ಆಗಸ್ಟ್ 25, ಸೋಮವಾರ. ಹಾಗಾಗಿ ಫೋನಿನಲ್ಲಿ ರಿಮೈಂಡರ್ ಇಟ್ಟರೆ ಆಗುವುದಿಲ್ಲ, ಪ್ರತಿ ವರ್ಷ ಗೋಡೆಯ ಕ್ಯಾಲೆಂಡರ್ ತಿರುವಬೇಕು. ಕಳಿಸುವುದಾದರೆ ಆ ದಿನವೇ ಅಂತ ತೀರ್ಮಾನ ಮಾಡಿದೆ.

ಮೊದಲು ಮಾಡಿದ ಕೆಲಸ ಅಂದರೆ ಊರಲ್ಲೇ ಇರುವ ಇನ್ನೊಬ್ಬ ಗೆಳೆಯನಿಗೆ ಫೋನ್ ಮಾಡಿದ್ದು. "ಅವನ ಅಮ್ಮ ಹೇಗಿದ್ದಾರೆ?" ಅಂತ ಕೇಳಿದೆ. ಗಟ್ಟಿಯಾಗಿದ್ದಾರೆ, ಮಗನ ಜತೆ ಹಾಸನದಲ್ಲಿದ್ದಾರೆ ಅಂದ. ಇದನ್ನು ಕೇಳದೆ ಮೆಸೇಜಿನಲ್ಲಿ ಅಮ್ಮನ ಹೆಸರು ಎತ್ತುವಂತಿರಲಿಲ್ಲ. ಒಂದು ಸಾವಿಗೆ ಹೋಗದೆ ಉಳಿದವನು ಇನ್ನೊಂದು ಸಾವು ಆಗಿದ್ದೂ ತಿಳಿಯದೆ ಬರೆದುಬಿಟ್ಟರೆ ಮುಗೀತು.

ಆಮೇಲೆ ಬರೆಯಲು ಕೂತೆ. ಅವನ ಚಾಟ್ ತೆರೆದು ಅಲ್ಲೇ ಟೈಪ್ ಮಾಡಲಿಲ್ಲ. ಅವನು ಆ ಹೊತ್ತಿಗೆ ಫೋನ್ ನೋಡುತ್ತಿದ್ದರೆ ನನ್ನ ಹೆಸರಿನ ಕೆಳಗೆ typing... ಅಂತ ಬಂದು ಹೋಗಿ ಬಂದು ಹೋಗಿ, ಕೊನೆಗೆ ಏನೂ ಬರದಿದ್ದರೆ ಅದಕ್ಕಿಂತ ಮುಜುಗರ ಬೇಡ. ಮಗಳ ರಫ್ ನೋಟ್‌ಬುಕ್ ತಗೊಂಡೆ.

ಮೊದಲ ಸಲ ಬರೆದದ್ದು ಹೀಗೆ: "ಜನ್ಮದಿನದ ಹಾರ್ದಿಕ ಶುಭಾಶಯಗಳು. ಭಗವಂತನು ನಿಮಗೆ ಆಯುರಾರೋಗ್ಯ ಐಶ್ವರ್ಯಗಳನ್ನು ಕರುಣಿಸಲಿ." ಓದಿ ನನಗೇ ನಗು ಬಂತು. ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸ್ ಇದ್ದ ಹಾಗಿತ್ತು, ಕೆಳಗೆ "ಶುಭ ಕೋರುವವರು" ಅಂತ ಸಾಲಾಗಿ ಫೋಟೊ ಹಾಕುವುದೊಂದು ಬಾಕಿ.

ಎರಡನೆಯದು ಆ ಕಡೆಯ ತುದಿ. "ಲೋ ಮಗಾ, ಹ್ಯಾಪಿ ಬರ್ತ್‌ಡೇ ಕಣೋ, ಪಾರ್ಟಿ ಎಲ್ಲಿ?" ನಿನ್ನೆ ತಾನೇ ಸಿಕ್ಕಿದ್ದವರ ಮಾತು ಇದು. ಹದಿಮೂರು ವರ್ಷ ನಡೆದೇ ಇಲ್ಲ ಅನ್ನುವ ಹಾಗೆ ನಟನೆ ಮಾಡಿದರೆ ಓದುವವನಿಗೆ ಗೊತ್ತಾಗುತ್ತದೆ. ಮೇಲಾಗಿ ಅವನ ಡಿಪಿಯಲ್ಲಿ ಕೋಟು, ಪಕ್ಕದಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಅವನ ಫೋನು ಮಕ್ಕಳ ಕೈಯಲ್ಲೂ ಇರಬಹುದು. ಶಾಲೆಯಲ್ಲಿ ಅವನ ಹಲ್ಲಿನ ಮೇಲೆ ಇಟ್ಟ ಅಡ್ಡಹೆಸರು ಮಗ ಜೋರಾಗಿ ಓದಿಬಿಟ್ಟರೆ?

ಮೂರನೆಯದು ಹದಿನಾಲ್ಕು ಸಾಲು. ಅಪ್ಪನ ವಿಷಯ, ನಾನು ಬರದೆ ಹೋದದ್ದು, ಅದಕ್ಕೆ ಕಾರಣ, ಆ ಕಾರಣಕ್ಕೆ ಕಾರಣ. ಬರೆದಾಗ ಮನಸ್ಸು ಹಗುರವಾಯಿತು. ಅಲ್ಲೇ ಅನುಮಾನವೂ ಬಂತು. ಹಗುರವಾಗಿದ್ದು ನನ್ನ ಮನಸ್ಸು. ಅವನ ಹುಟ್ಟುಹಬ್ಬದ ದಿನ ನನ್ನ ಭಾರ ಅವನ ತಲೆ ಮೇಲೆ ಇಟ್ಟ ಹಾಗಾಯಿತು. ಇಷ್ಟುದ್ದಕ್ಕೆ ಅವನು ಏನಂತ ಉತ್ತರ ಬರೆಯಬೇಕು? "ಪರವಾಗಿಲ್ಲ ಬಿಡು" ಅನ್ನಲೇಬೇಕಾಗುತ್ತದೆ, ಅನ್ನಿಸಲಿ ಬಿಡಲಿ. ಕ್ಷಮೆ ಕೇಳುವುದನ್ನು ಬಾಯಿಂದ ಕೇಳೋಣ, ಬೇರೆ ದಿನ ಅಂತ ಆ ಹಾಳೆ ಹರಿದೆ.

ಇನ್ನೊಂದು ತೊಡಕು ನೀನೋ ನೀವೋ ಅನ್ನುವುದು. ನಮ್ಮ ಭಾಷೆಯಲ್ಲಿ ನೀನು, ನೀವು ಅನ್ನುವ ಪದ ಬಿಟ್ಟರೂ ಕ್ರಿಯಾಪದ ಹಿಡಿದುಕೊಡುತ್ತದೆ. "ಹೇಗಿದ್ದೀರ" ಅಂದರೆ ಬ್ಯಾಂಕಿನವರ ಹಾಗೆ, "ಹೆಂಗಿದ್ದೀಯಲೋ" ಅಂದರೆ ಸಲಿಗೆ ಅತಿಯಾಯಿತು. ಅವನನ್ನು ಹುಟ್ಟಾ "ನೀವು" ಅಂದಿಲ್ಲ, ಈಗ ಅಂದರೆ ಅದೇ ದೂರವಾದಂತೆ. ಹಾಗಾಗಿ "ನೀನು" ಇಟ್ಟುಕೊಂಡೆ, "ಲೋ" ಬಿಟ್ಟೆ. "ಕಣೋ" ಒಂದೇ ಒಂದು ಸಲ, ಕೊನೆಯ ಕಡೆಗೆ. ಮೊದಲ ಸಾಲಿನಲ್ಲಿ ಅದಕ್ಕೆ ಇನ್ನೂ ಅಧಿಕಾರ ಬಂದಿರುವುದಿಲ್ಲ, ನಾಲ್ಕು ಸಾಲು ಆದಮೇಲೆ ನಡೆಯುತ್ತದೆ.

ಇನ್ನು, ಇಷ್ಟು ವರ್ಷದ ಮೇಲೆ ಇದ್ದಕ್ಕಿದ್ದ ಹಾಗೆ ಹಳೇ ಗೆಳೆಯನ ಮೆಸೇಜು ಬಂದರೆ ನನಗೇ ಮೊದಲು ಬರುವ ಯೋಚನೆ ಒಳ್ಳೆಯದಲ್ಲ. ಇನ್ಶೂರೆನ್ಸ್ ಇರಬೇಕು, ಚೀಟಿ ಇರಬೇಕು, ಸಾಲ ಇರಬೇಕು. ಈಗಂತೂ ಯಾರದೋ ಫೋಟೊ ಹಾಕಿಕೊಂಡು ಹೊಸ ನಂಬರಿನಿಂದ ದುಡ್ಡು ಕೇಳುವವರೂ ಇದ್ದಾರೆ. ಹಾಗಾಗಿ ಇದು ನಾನೇ, ಬೇರೇನೂ ಬೇಕಾಗಿಲ್ಲ ಅಂತ ಮೆಸೇಜೇ ಹೇಳಬೇಕಿತ್ತು. "ಹಳೆಯ ದಿನಗಳು ನೆನಪಾಗುತ್ತವೆ" ಅಂತ ಯಾರು ಬೇಕಾದರೂ ಬರೆಯಬಹುದು. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಬೇಕು. ಅದರಲ್ಲಿ ಅವನ ಅಪ್ಪನ ವಿಷಯವೂ ಬರಬಾರದು.

ಸಿಕ್ಕಿತು. ಆಗ ಊರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಪುಸ್ತಕದಲ್ಲಿ ಹೆಸರು, ಟೈಮು ಬರೆದುಕೊಂಡು ಕೊಡುವುದು. ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು. ನಮ್ಮದು ಯಾವಾಗಲೂ 7, ಅದೊಂದೇ ನಮ್ಮ ಕಾಲಿಗೆ ಎಟುಕುತ್ತಿದ್ದದ್ದು. ಇಬ್ಬರೂ ಕಾಸು ಸೇರಿಸಿ ಒಂದು ಗಂಟೆಗೆ ತಗೊಳ್ಳುತ್ತಿದ್ದೆವು. ಅರ್ಧ ಗಂಟೆ ಅವನು ತುಳಿದರೆ ನಾನು ಹಿಂದೆ ಓಡುವುದು, ಆಮೇಲೆ ಅದಲು ಬದಲು. ಒಂದು ಭಾನುವಾರ ಅವನ ಪಾಳಿಯಲ್ಲಿ ಚೈನ್ ಬಿತ್ತು. ಅವನು ಕೂತು ಹಾಕುವಷ್ಟರಲ್ಲಿ ಹತ್ತು ನಿಮಿಷ ಹೋಯಿತು, ಕೈಯೆಲ್ಲ ಗ್ರೀಸು. ಚೈನ್ ಕೂತ ತಕ್ಷಣ ನಾನು "ನನ್ನ ಪಾಳಿ ಬಂತು" ಅಂತ ಸೈಕಲ್ ಕಿತ್ತುಕೊಂಡು ಹೋದೆ. ಆ ಹತ್ತು ನಿಮಿಷಕ್ಕೆ ಅವನು ಒಂದು ವರ್ಷ ನನ್ನ ಪ್ರಾಣ ತಿಂದ.

ಕಳಿಸಿದ್ದು ಇಷ್ಟು:

"ಗೌರಿ ಹಬ್ಬ ನಾಳೆ. ಅಂದರೆ ಅಮ್ಮನ ಲೆಕ್ಕದಲ್ಲಿ ನಿನ್ನ ಹುಟ್ಟುಹಬ್ಬ ಇವತ್ತು, ಅಲ್ವಾ? ತುಂಬಾ ವರ್ಷ ಆಯ್ತು. 7ನೇ ನಂಬರ್ ಸೈಕಲ್ಲಿನ ನಿನ್ನ ಹತ್ತು ನಿಮಿಷ ಇನ್ನೂ ನನ್ನ ಹತ್ರಾನೇ ಬಾಕಿ ಇದೆ ಕಣೋ. ಹುಟ್ಟುಹಬ್ಬದ ಶುಭಾಶಯ. ಚೆನ್ನಾಗಿರು."

ಕೆಳಗೆ ಹೆಸರು, ಜತೆಗೆ ನಮ್ಮ ಬೀದಿಯ ಹೆಸರು. ನನ್ನ ಹೆಸರಿನವರು ಕ್ಲಾಸಿನಲ್ಲಿ ಮೂವರಿದ್ದರು, ಮತ್ತೆ ನಂಬರ್ ಅವನ ಹತ್ತಿರ ಸೇವ್ ಆಗಿದೆ ಅಂತ ನಂಬುವುದು ಯಾಕೆ.

ಬಾಕಿ ನನ್ನ ಕಡೆ ಇರುವ ನೆನಪನ್ನು ಬೇಕಂತಲೇ ಆರಿಸಿದೆ. ಅವನೇ ನನಗೆ ಕೊಡಬೇಕಾದ ಒಂದು ಗೋಲಿ ಲೆಕ್ಕವೂ ಇತ್ತು. ಆದರೆ ಮರೆತವನು ನಾನು, ತಮಾಷೆಗಾದರೂ ಅವನ ಮೇಲೆ ಬಾಕಿ ಹೊರಿಸಿದರೆ ದೂರಿದ ಹಾಗೆ ಕೇಳುತ್ತದೆ. "ಏನು ಸಮಾಚಾರ, ಮಕ್ಕಳೆಷ್ಟು, ಯಾವಾಗ ಸಿಗೋಣ" ಅಂತ ಪ್ರಶ್ನೆ ಹಾಕಲಿಲ್ಲ. "ಅಲ್ವಾ" ಒಂದೇ ಪ್ರಶ್ನೆ, ಅದಕ್ಕೆ ಒಂದು ಹೆಬ್ಬೆರಳು ಒತ್ತಿದರೂ ಸಾಕು.

ರಾತ್ರಿ ಹನ್ನೆರಡಕ್ಕೆ ಕಳಿಸಲಿಲ್ಲ, ಅದು ಹತ್ತಿರದವರ ಹೊತ್ತು. ಸೋಮವಾರ ಬೆಳಗ್ಗೆಯೂ ಬೇಡ. ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಿಗೆ ಕಳಿಸಿದೆ. ಎರಡು ಬೂದು ಟಿಕ್ ಬಂತು. ಸಂಜೆಗೂ ಬೂದು. ರಾತ್ರಿಗೂ ಬೂದು.

ಮರುದಿನ ಬೆಳಗ್ಗೆ ಒಂದು ಎಡವಟ್ಟು ಮಾಡಿದೆ. ಗೌರಿ ಹಬ್ಬ ಅಲ್ವಾ, ಎಲ್ಲರಿಗೂ ಒಂದು ಗೌರಿ ಗಣೇಶನ ಚಿತ್ರ ಫಾರ್ವರ್ಡ್ ಮಾಡುತ್ತಾ ಅವನಿಗೂ ಒತ್ತಿಬಿಟ್ಟೆ. ನನ್ನ ಹೆಂಡತಿ ನೋಡಿ, "ನಿನ್ನೆಯದನ್ನೂ ಹೀಗೇ ಹತ್ತು ಜನಕ್ಕೆ ಕಳಿಸಿರಬೇಕು ಅಂದುಕೊಳ್ತಾರೆ ನೋಡಿ" ಅಂದಳು. ಸರಿ ಅನಿಸಿತು. ಗಾಬರಿಯಲ್ಲಿ ಡಿಲೀಟ್ ಮಾಡಿದೆ. ಡಿಲೀಟ್ ಮಾಡಿದರೆ ಚಿತ್ರ ಹೋಗುತ್ತದೆ, ಡಿಲೀಟ್ ಮಾಡಿದ ಗುರುತು ಅಲ್ಲೇ ಕೂರುತ್ತದೆ. ಈಗ ಅವನ ಫೋನಿನಲ್ಲಿ ಒಂದು ಸೈಕಲ್ಲು, ಅದರ ಕೆಳಗೆ ಒಂದು ಅಳಿಸಿದ ಮಾತು. ಇನ್ನು ವಿವರಣೆ ಕೊಡಲು ಹೋದರೆ ಕೆಡುತ್ತದೆ ಅಂತ ಫೋನ್ ಬೀರು ಮೇಲೆ ಇಟ್ಟು ಕಡುಬು ತಿನ್ನಲು ಹೋದೆ.

ರಾತ್ರಿ ಒಂಬತ್ತಕ್ಕೆ ಉತ್ತರ ಬಂತು. "ಹತ್ತು ಅಲ್ಲ, ಹದಿನೈದು ನಿಮಿಷ." ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಂಗೆ ಓದಿ ಹೇಳಿದೆ." ಆಮೇಲೆ, "ಅದೇನು ಡಿಲೀಟ್ ಮಾಡಿದ್ದು?"

ಮುಂದಿನ ಭಾನುವಾರ ಫೋನ್ ಮಾಡಿದೆ. ಎತ್ತಿದ ತಕ್ಷಣ ಅವನು "ಹೇಳಿ, ಹೇಗಿದ್ದೀರ" ಅಂದುಬಿಟ್ಟ. ಇಬ್ಬರಿಗೂ ಒಂದು ಕ್ಷಣ ಮಾತಿಲ್ಲ. ಆಮೇಲೆ ಅವನೇ "ಥೂ, ಆಫೀಸ್ ಅಭ್ಯಾಸ" ಅಂದ. ಮೊದಲ ಐದು ನಿಮಿಷ ಮಳೆ, ಟ್ರಾಫಿಕ್ಕು, ಕೊಬ್ಬರಿ ರೇಟು. ನಾನು ಅಪ್ಪನ ವಿಷಯ ತೆಗೆದೆ. ನೋಟ್‌ಬುಕ್ಕಿನ ಹದಿನಾಲ್ಕು ಸಾಲು ಬೇಕಾಗಲಿಲ್ಲ, "ಆಗ ಬರಬೇಕಿತ್ತು, ಬರಲಿಲ್ಲ" ಅಂದೆ. ಅವನು "ಹೂಂ" ಅಂದ. "ಪರವಾಗಿಲ್ಲ" ಅನ್ನಲಿಲ್ಲ. ನನಗೆ ಅದೇ ಸರಿ ಅನಿಸಿತು.

ಇಡುವ ಮುಂಚೆ ಅವನು ಕೇಳಿದ: "ನಿಂದೂ ಜೂನ್ ಒಂದು ಸುಳ್ಳಲ್ವಾ? ನಿಜವಾದ್ದು ಯಾವತ್ತು?"

ನನಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಯೋಚನೆ ಮಾಡಿ, "ಕಾರ ಹುಣ್ಣಿಮೆ ಆಗಿ ಮೂರನೇ ದಿನ, ಸಿಕ್ಕಾಪಟ್ಟೆ ಮಳೆ" ಅಂದಳು. ಅದನ್ನು ಹಾಗೇ ಅವನಿಗೆ ಟೈಪ್ ಮಾಡಿ ಕಳಿಸಿದೆ.